ಬ್ರೇಕ್ ಹಾಕಿದ ಐವತ್ತು ಕಾರುಗಳು

ರಿಗ್ರೆಷನ್ ಅಸೈನ್‌ಮೆಂಟುಗಳಲ್ಲಿ ಒಂದು ವಾಕ್ಯ ತಪ್ಪದೆ ಬರುತ್ತದೆ: ‘ಉಳಿಕೆಗಳು ಶೂನ್ಯದ ಎರಡೂ ಬದಿಗೆ ಸಮನಾಗಿ ಹರಡಿವೆ, ಆದ್ದರಿಂದ ಎಲ್ಲ ಷರತ್ತುಗಳೂ ಪೂರೈಸಿವೆ.’ ಅದರ ಮೇಲ್ಗಡೆ ಚುಕ್ಕೆಗಳ ಚಿತ್ರವೊಂದನ್ನು ಅಂಟಿಸಿರುತ್ತಾರೆ. ಎಷ್ಟೋ ಸಲ ಚಿತ್ರ ಹೇಳುವುದೇ ಒಂದು, ಕೆಳಗಿನ ವಾಕ್ಯ ಹೇಳುವುದೇ ಇನ್ನೊಂದು. ಬರೆದವರು ಚಿತ್ರವನ್ನು ನೋಡಿಲ್ಲ ಎಂದಲ್ಲ. ಅದರಲ್ಲಿ ಏನನ್ನು ಹುಡುಕಬೇಕು, ಯಾವುದನ್ನು ಮೊದಲು ಹುಡುಕಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಒಂದೇ ದತ್ತಾಂಶವನ್ನು ಹಿಡಿದು ಕೊನೆಯವರೆಗೂ ನೋಡೋಣ. R ಎಂಬ ತಂತ್ರಾಂಶವನ್ನು ಹಾಕಿಕೊಂಡ ಪ್ರತಿಯೊಬ್ಬರ ಗಣಕದಲ್ಲೂ `cars` ಎಂಬ ಪುಟ್ಟ ಪಟ್ಟಿ ಇರುತ್ತದೆ. 1920ರ ದಶಕದ ಅಮೆರಿಕದ ಕಾರುಗಳ ಲೆಕ್ಕ ಅದು. ಗಂಟೆಗೆ ಇಷ್ಟು ಮೈಲಿ ವೇಗದಲ್ಲಿ ಹೋಗುತ್ತಿದ್ದ ಕಾರು ನಿಲ್ಲುವುದಕ್ಕೆ ಎಷ್ಟು ಅಡಿ ದೂರ ತೆಗೆದುಕೊಂಡಿತು ಎಂಬ 50 ಅಳತೆಗಳು. ಮೊರ್ಡೆಕೈ ಎಜೆಕಿಯಲ್ 1930ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಬಂದವು. ವೇಗ 4 ಮೈಲಿಯಿಂದ 25 ಮೈಲಿಯವರೆಗೆ, ದೂರ 2 ಅಡಿಯಿಂದ 120 ಅಡಿಯವರೆಗೆ ಇದೆ. ಇಷ್ಟು ಹಳೆಯ, ಇಷ್ಟು ಸಣ್ಣ ದತ್ತಾಂಶ ಯಾಕೆ ಎಂದರೆ, ಇಲ್ಲಿ ನೇರ ಸಂಬಂಧ, ಸಮ ಚದುರುವಿಕೆ, ನಾರ್ಮಲ್ ಹಂಚಿಕೆ ಎಂಬ ಮೂರು ಷರತ್ತುಗಳೂ ಸ್ವಲ್ಪ ಸ್ವಲ್ಪ ಮುರಿದಿವೆ. ಪಠ್ಯಪುಸ್ತಕದ ಚಿತ್ರಗಳಂತೆ ಎದ್ದು ಕಾಣುವಷ್ಟು ಮುರಿದಿಲ್ಲ. ಅಸೈನ್‌ಮೆಂಟಿನಲ್ಲಿ ನಿಮಗೆ ಸಿಗುವ ದತ್ತಾಂಶವೂ ಸಾಮಾನ್ಯವಾಗಿ ಹೀಗೇ ಅರೆಬರೆ ಇರುತ್ತದೆ.

ದೂರವನ್ನು ವೇಗದ ಮೇಲೆ ನಿಲ್ಲಿಸಿ ಸರಳರೇಖೆ ಎಳೆಯುವುದು ಎರಡು ಸಾಲಿನ ಕೆಲಸ.

```r
m <- lm(dist ~ speed, data = cars)
plot(m, which = 1:3)
```

ಸಿಗುವ ರೇಖೆ: ದೂರ = −17.58 + 3.93 × ವೇಗ. ವೇಗ ಒಂದು ಮೈಲಿ ಹೆಚ್ಚಾದರೆ ನಿಲ್ಲುವ ದೂರ ಸುಮಾರು ನಾಲ್ಕು ಅಡಿ ಹೆಚ್ಚುತ್ತದೆ ಎನ್ನುತ್ತದೆ. R² 0.65. ಪಿ-ಮೌಲ್ಯ ತೀರಾ ಚಿಕ್ಕದು. ಇಲ್ಲಿಗೆ ನಿಲ್ಲಿಸಿದರೆ ಉತ್ತರ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಆದರೆ ಈ ರೇಖೆಗೆ 4 ಮೈಲಿ ವೇಗವನ್ನು ಕೊಟ್ಟು ನೋಡಿ. ಉತ್ತರ −1.85 ಅಡಿ. ಬ್ರೇಕ್ ಹಾಕಿದ ಕಾರು ಹಿಂದಕ್ಕೆ ಹೋಗಿ ನಿಂತಿತಂತೆ!

ನಿಜವಾದ ದೂರದಿಂದ ರೇಖೆ ಹೇಳಿದ ದೂರವನ್ನು ಕಳೆದರೆ ಬರುವುದೇ ಉಳಿಕೆ. ಪಟ್ಟಿಯ 49ನೇ ಕಾರು 24 ಮೈಲಿ ವೇಗದಲ್ಲಿತ್ತು, ನಿಲ್ಲಲು 120 ಅಡಿ ಬೇಕಾಯಿತು. ರೇಖೆಯ ಅಂದಾಜು 76.8 ಅಡಿ. ಉಳಿಕೆ 43.2. ಹೀಗೆ 50 ಕಾರುಗಳಿಗೆ 50 ಉಳಿಕೆಗಳು. ಅಡ್ಡ ಅಕ್ಷದಲ್ಲಿ ರೇಖೆಯ ಅಂದಾಜು, ಉದ್ದ ಅಕ್ಷದಲ್ಲಿ ಉಳಿಕೆ ಇಟ್ಟು ಚುಕ್ಕೆ ಹಾಕಿದರೆ ಮೊದಲ ಚಿತ್ರ ಸಿದ್ಧ. R ಅದನ್ನು `Residuals vs Fitted` ಎಂದು ಕರೆಯುತ್ತದೆ.

ಅಡ್ಡ ಅಕ್ಷದಲ್ಲಿ ಅಂದಾಜನ್ನೇ ಯಾಕೆ ಇಡಬೇಕು, ಅಳೆದ ದೂರವನ್ನು ಇಟ್ಟರೆ ಏನಾಗುತ್ತದೆ? ಅನೇಕರು ಹಾಗೆ ಇಡುತ್ತಾರೆ. ಇಟ್ಟ ಕೂಡಲೇ ಚುಕ್ಕೆಗಳು ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಏರುತ್ತಾ ಹೋಗುತ್ತವೆ. ಮಾದರಿ ಕೆಟ್ಟಿದೆ ಎಂದು ಗಾಬರಿಯಾಗುತ್ತದೆ. ಆ ಏರಿಕೆ ಮಾದರಿಯ ದೋಷವಲ್ಲ, ಚಿತ್ರದ ದೋಷ. ಅಳೆದ ದೂರದೊಳಗೆ ಉಳಿಕೆಯೂ ಒಂದು ಪಾಲಾಗಿ ಸೇರಿಕೊಂಡಿರುವುದರಿಂದ ಅವೆರಡರ ನಡುವೆ ಸಹಸಂಬಂಧ ಇದ್ದೇ ಇರುತ್ತದೆ. ಎಷ್ಟಿರುತ್ತದೆ ಎಂಬುದಕ್ಕೂ ಲೆಕ್ಕವಿದೆ: 1 − R²ದ ವರ್ಗಮೂಲ. ನಮ್ಮ ಕಾರುಗಳಿಗೆ 0.59. ಎಲ್ಲ ಷರತ್ತುಗಳೂ ಪೂರೈಸಿದ ಮಾದರಿಯಲ್ಲೂ R² ಇಷ್ಟೇ ಇದ್ದರೆ ಇಷ್ಟೇ ಏರಿಕೆ ಕಾಣುತ್ತದೆ. ಅಂದಾಜಿನ ಜೊತೆ ಮಾತ್ರ ಉಳಿಕೆಗೆ ಇಂಥ ಹುಟ್ಟುನಂಟು ಇಲ್ಲ.

ಇದೇ ಜಾತಿಯ ಇನ್ನೊಂದು ಮಾತು: ‘ಉಳಿಕೆಗಳ ಸರಾಸರಿ ಶೂನ್ಯ, ಆದ್ದರಿಂದ ಮಾದರಿ ಸರಿ.’ ಕನಿಷ್ಠ ವರ್ಗ ವಿಧಾನದಲ್ಲಿ ಸ್ಥಿರಪದ ಸೇರಿಸಿ ಎಳೆದ ಯಾವ ರೇಖೆಗೂ, ಅದು ಎಷ್ಟೇ ತಪ್ಪಾಗಿರಲಿ, ಉಳಿಕೆಗಳ ಸರಾಸರಿ ಶೂನ್ಯವೇ. ರೇಖೆಯನ್ನು ಎಳೆಯುವ ವಿಧಾನವೇ ಅದನ್ನು ಶೂನ್ಯ ಮಾಡಿರುತ್ತದೆ. ಒಟ್ಟು ಸರಾಸರಿಯಿಂದ ಏನೂ ತಿಳಿಯುವುದಿಲ್ಲ. ಚಿತ್ರದ ಎಡತುದಿಯಲ್ಲಿ, ನಡುವೆ, ಬಲತುದಿಯಲ್ಲಿ ಬೇರೆ ಬೇರೆಯಾಗಿ ಸರಾಸರಿ ಎಲ್ಲಿದೆ ಎಂದು ಕೇಳಬೇಕು. ಸರಳರೇಖೆ ಸಾಕೇ ಎಂಬ ಮೊದಲ ಪರೀಕ್ಷೆ ಇಷ್ಟೇ.

ಕಾರುಗಳ ಚಿತ್ರವನ್ನು ಎಡದಿಂದ ಬಲಕ್ಕೆ ಓದಿ. 4ರಿಂದ 8 ಮೈಲಿ ವೇಗದ ಐದು ಕಾರುಗಳಲ್ಲಿ ನಾಲ್ಕು ಶೂನ್ಯದ ಮೇಲಿವೆ. 15ರಿಂದ 17 ಮೈಲಿಯ ಎಂಟರಲ್ಲಿ ಆರು ಕೆಳಗಿವೆ. 19ರಿಂದ 23ರವರೆಗಿನ ಹತ್ತರಲ್ಲಿ ಎಂಟು ಕೆಳಗೆ. ಕೊನೆಗೆ 24, 25 ಮೈಲಿಯ ಐದರಲ್ಲಿ ನಾಲ್ಕು ಮತ್ತೆ ಮೇಲೆ, ಅವುಗಳ ಸರಾಸರಿ ಶೂನ್ಯಕ್ಕಿಂತ 14 ಅಡಿ ಎತ್ತರ. ಎರಡು ತುದಿಗಳು ಮೇಲೆ, ನಡುಭಾಗ ಕೆಳಗೆ. ಸಂಬಂಧ ನಿಜಕ್ಕೂ ಮೇಲಕ್ಕೆ ಬಾಗಿದ್ದು, ನಾವು ಅದರ ಮೇಲೆ ನೇರ ಕೋಲನ್ನು ಇಟ್ಟಿದ್ದೇವೆ ಎಂಬುದರ ಗುರುತು ಇದು. R ಎಳೆದು ತೋರಿಸುವ ಕೆಂಪು ಗೆರೆಯೂ ಹೀಗೆಯೇ ನಡುವೆ ತಗ್ಗಿ ಬಲತುದಿಯಲ್ಲಿ ಏಳುತ್ತದೆ. ಆದರೆ ಆ ಗೆರೆಯನ್ನು ಅತಿಯಾಗಿ ನಂಬಬೇಡಿ. ತುದಿಗಳಲ್ಲಿ ಚುಕ್ಕೆಗಳು ಕಡಿಮೆ ಇರುವುದರಿಂದ ಒಂದೆರಡು ಚುಕ್ಕೆಗಳೇ ಅದನ್ನು ಎತ್ತ ಬೇಕಾದರೂ ಎಳೆದುಬಿಡುತ್ತವೆ. ಚುಕ್ಕೆಗಳನ್ನು ಎಣಿಸಿ ನೋಡುವುದೇ ವಾಸಿ.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬ ತಕರಾರು ತೆಗೆಯಬಹುದು. ಮಾದರಿಗೆ ವೇಗದ ವರ್ಗವನ್ನೂ ಸೇರಿಸಿ ಪರೀಕ್ಷಿಸಿದರೆ ಆ ಪದದ ಪಿ-ಮೌಲ್ಯ 0.136 ಬರುತ್ತದೆ. 0.05ಕ್ಕಿಂತ ಹೆಚ್ಚು. ಹಾಗಾದರೆ ಬಾಗು ಇಲ್ಲವೆಂದೇ ಆಯಿತಲ್ಲ? ಆಗಲಿಲ್ಲ. ಇರುವುದು 50 ಕಾರು, ಚದುರುವಿಕೆ ದೊಡ್ಡದು. ಅಷ್ಟರಲ್ಲಿ ಬಾಗನ್ನು ಖಚಿತವಾಗಿ ಹಿಡಿಯಲು ಆಗಲಿಲ್ಲ ಎಂಬುದಷ್ಟೇ ಆ ಸಂಖ್ಯೆಯ ಅರ್ಥ. ಅಂಕಿಗಳು ಹೀಗೆ ಅನುಮಾನದಲ್ಲಿ ನಿಂತಾಗ ವಿಷಯಜ್ಞಾನವನ್ನು ಕೇಳಬೇಕು. ಚಾಲಕನ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಕಾರು ಸಾಗುವ ದೂರ ವೇಗಕ್ಕೆ ಅನುಪಾತದಲ್ಲಿರುತ್ತದೆ. ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ, ಏಕೆಂದರೆ ಬ್ರೇಕು ಕರಗಿಸಬೇಕಾದ ಚಲನಶಕ್ತಿ ವೇಗದ ವರ್ಗದಂತೆ ಬೆಳೆಯುತ್ತದೆ. ಹೈಸ್ಕೂಲಿನ ಭೌತಶಾಸ್ತ್ರ ಬಾಗು ಇರಲೇಬೇಕು ಎನ್ನುತ್ತದೆ, ಉಳಿಕೆಗಳು ಬಾಗಿದಂತೆ ಕಾಣುತ್ತವೆ, ರೇಖೆ ಮಂದ ವೇಗದಲ್ಲಿ ಋಣ ದೂರವನ್ನು ಕೊಡುತ್ತದೆ. ಮೂರು ಸಾಕ್ಷಿಗಳು ಒಂದೇ ಕಡೆ ಬೊಟ್ಟು ಮಾಡುವಾಗ 0.136 ಎಂಬ ಒಂಟಿ ಸಂಖ್ಯೆಯ ಮಾತನ್ನು ನಾನು ಕೇಳುವುದಿಲ್ಲ.

ಎರಡನೆಯದು ಸಮ ಚದುರುವಿಕೆ. ಅಂದಾಜು ಚಿಕ್ಕದಿರಲಿ ದೊಡ್ಡದಿರಲಿ, ಉಳಿಕೆಗಳು ಅದರ ಸುತ್ತ ಒಂದೇ ಅಗಲದಲ್ಲಿ ಹರಡಿರಬೇಕು. ನಮ್ಮ ಚಿತ್ರದಲ್ಲಿ ಎಡಗಡೆ ಚುಕ್ಕೆಗಳು ಇಕ್ಕಟ್ಟಾಗಿವೆ, ಬಲಕ್ಕೆ ಹೋದಂತೆ ಅಗಲವಾಗುತ್ತವೆ. 10 ಮೈಲಿಯವರೆಗಿನ ಉಳಿಕೆಗಳು −8ರಿಂದ 12 ಅಡಿಯೊಳಗಿವೆ. 18 ಮೈಲಿಯಿಂದ ಮೇಲಿನವು −29ರಿಂದ 43ರವರೆಗೆ. ತಕ್ಷಣ ‘ಅಸಮ ಚದುರುವಿಕೆ’ ಎಂದು ಬರೆದುಬಿಡುವ ಮುನ್ನ ಒಂದು ಎಚ್ಚರಿಕೆ. ಮೊದಲ ಗುಂಪಿನಲ್ಲಿರುವುದು 9 ಕಾರು, ಎರಡನೆಯದರಲ್ಲಿ 19. ಚುಕ್ಕೆಗಳು ಹೆಚ್ಚಿದ್ದಷ್ಟೂ ಅವುಗಳಲ್ಲಿ ಅತಿ ದೊಡ್ಡದು, ಅತಿ ಚಿಕ್ಕದು ತಾವಾಗಿಯೇ ದೂರ ಸರಿಯುತ್ತವೆ, ಚದುರುವಿಕೆ ಒಂದೇ ಇದ್ದರೂ ಸರಿ. ಕಣ್ಣು ನೋಡುವುದು ತುದಿಗಳನ್ನು, ಆದ್ದರಿಂದ ಕಣ್ಣಿಗೆ ಇಲ್ಲಿ ಸುಲಭವಾಗಿ ಮೋಸವಾಗುತ್ತದೆ.

ಮೋಸ ಹೋಗದಿರಲು ತುದಿಗಳ ಬದಲು ಗುಂಪಿನ ಎಲ್ಲ ಉಳಿಕೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪ್ರತಿ ಉಳಿಕೆಯನ್ನು ವರ್ಗ ಮಾಡಿ, ಗುಂಪಿನಲ್ಲಿ ಸರಾಸರಿ ತೆಗೆದು, ವರ್ಗಮೂಲ ಹಾಕಿದರೆ ಆ ಗುಂಪಿನ ಸಾಮಾನ್ಯ ತಪ್ಪಿನ ಗಾತ್ರ ಸಿಗುತ್ತದೆ. 4ರಿಂದ 10 ಮೈಲಿಯ ಕಾರುಗಳಿಗೆ ಅದು 8 ಅಡಿ. 11ರಿಂದ 17ರವರೆಗಿನ 22 ಕಾರುಗಳಿಗೆ 14 ಅಡಿ. 18ರಿಂದ 25ರವರೆಗೆ 18 ಅಡಿ. ಮೆಟ್ಟಿಲಿನ ಹಾಗೆ ಏರುತ್ತಿದೆ, ಗುಂಪಿನ ಗಾತ್ರದ ನೆಪ ಇದಕ್ಕೆ ಸಾಲದು. R ಕೊಡುವ `Scale-Location` ಎಂಬ ಚಿತ್ರ ಮಾಡುವುದೂ ಇಂಥದೇ ಕೆಲಸ: ಉಳಿಕೆಗಳ ಚಿಹ್ನೆಯನ್ನು ತೆಗೆದುಹಾಕಿ ಗಾತ್ರವನ್ನಷ್ಟೇ ತೋರಿಸುತ್ತದೆ. ಅದರಲ್ಲಿ ಗೆರೆ ಮಟ್ಟಸವಾಗಿದ್ದರೆ ಚದುರುವಿಕೆ ಸಮ; ಇಲ್ಲಿ ಎಡದಿಂದ ಬಲಕ್ಕೆ ಏರುತ್ತದೆ.

ಔಪಚಾರಿಕ ಪರೀಕ್ಷೆ ಬೇಕೆನ್ನುವವರಿಗೆ ಬ್ರೂಷ್–ಪೇಗನ್ ಪರೀಕ್ಷೆ ಇದೆ. ಅದರ ಕಥೆ ಇಲ್ಲಿ ಸ್ವಾರಸ್ಯಕರ. ಆ ಇಬ್ಬರು 1979ರಲ್ಲಿ ಕೊಟ್ಟ ಮೂಲ ರೂಪದಲ್ಲಿ ಲೆಕ್ಕ ಹಾಕಿದರೆ ನಮ್ಮ ಕಾರುಗಳಿಗೆ ಪಿ-ಮೌಲ್ಯ 0.031. 1981ರಲ್ಲಿ ರೋಜರ್ ಕೋಂಕರ್ ತಿದ್ದಿದ ರೂಪದಲ್ಲಿ 0.073. R ಬಳಸುವವರು `car` ಪ್ಯಾಕೇಜಿನ `ncvTest` ಕೇಳಿದರೆ ಮೊದಲನೆಯದು ಸಿಗುತ್ತದೆ, `lmtest` ಪ್ಯಾಕೇಜಿನ `bptest` ಕೇಳಿದರೆ ಎರಡನೆಯದು. ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಒಂದೇ ದತ್ತಾಂಶದ ಮೇಲೆ, ಒಂದೇ ಹೆಸರಿನ ಪರೀಕ್ಷೆ ನಡೆಸಿ, ಒಬ್ಬಳು ‘ಷರತ್ತು ಮುರಿದಿದೆ’ ಎಂದೂ ಇನ್ನೊಬ್ಬಳು ‘ಮುರಿದಿಲ್ಲ’ ಎಂದೂ ಬರೆಯಬಹುದು. ಮೂಲ ರೂಪವು ಉಳಿಕೆಗಳು ನಾರ್ಮಲ್ ಹಂಚಿಕೆಯಲ್ಲಿವೆ ಎಂದು ನಂಬಿಕೊಂಡು ಲೆಕ್ಕ ಮಾಡುತ್ತದೆ, ಕೋಂಕರ್ ಅವರ ರೂಪಕ್ಕೆ ಆ ನಂಬಿಕೆ ಬೇಕಿಲ್ಲ. ಒಂದು ಷರತ್ತನ್ನು ಪರೀಕ್ಷಿಸಲು ಹೋದರೆ ಇನ್ನೊಂದು ಷರತ್ತು ಅಡ್ಡ ಬಂತು. 0.05 ಎಂಬ ಗೆರೆಯ ಆಚೀಚೆ ನಿಂತ ಸಂಖ್ಯೆಗಳ ಮೇಲೆ ತೀರ್ಪು ಕೊಡುವುದಕ್ಕಿಂತ 8, 14, 18 ಎಂಬ ಮೂರು ಅಂಕಿಗಳನ್ನು ಬರೆದರೆ ಓದುವವರಿಗೆ ಹೆಚ್ಚು ತಿಳಿಯುತ್ತದೆ.

ಚದುರುವಿಕೆ ಅಸಮವಾಗಿದ್ದರೆ ನಷ್ಟವೇನು? ಸಂಬಂಧ ನಿಜಕ್ಕೂ ನೇರವಾಗಿದ್ದಲ್ಲಿ ರೇಖೆಯ ಇಳಿಜಾರಿನ ಅಂದಾಜು ಇದರಿಂದ ಒಂದು ಕಡೆಗೆ ವಾಲುವುದಿಲ್ಲ. ಕೆಡುವುದು ರೇಖೆಯ ಜೊತೆಗೆ ಕೊಡುವ ಸ್ಟ್ಯಾಂಡರ್ಡ್ ಎರರ್, ಅದರಿಂದ ಪಿ-ಮೌಲ್ಯ, ಎಲ್ಲಕ್ಕಿಂತ ಹೆಚ್ಚಾಗಿ ಮುನ್ಸೂಚನೆಯ ವ್ಯಾಪ್ತಿ. ಮಾದರಿಗೆ ಗೊತ್ತಿರುವುದು ಒಂದೇ ಚದುರುವಿಕೆ, 15.4 ಅಡಿ. ಅದನ್ನೇ ಎಲ್ಲ ವೇಗಗಳಿಗೂ ಹಂಚುತ್ತದೆ. ನಿಧಾನದ ಕಾರಿಗೆ ಅದು ಅತಿ, ವೇಗದ ಕಾರಿಗೆ ಸಾಲದು. 4 ಮೈಲಿ ವೇಗದ ಹೊಸ ಕಾರೊಂದು ಎಷ್ಟು ದೂರದಲ್ಲಿ ನಿಲ್ಲಬಹುದು ಎಂದು ಕೇಳಿದರೆ ಈ ಮಾದರಿ ಶೇ. 95ರ ವ್ಯಾಪ್ತಿಯಾಗಿ −34.5ರಿಂದ 30.8 ಅಡಿ ಎನ್ನುತ್ತದೆ. 24 ಮೈಲಿಗೆ ಸುಮಾರು 45ರಿಂದ 109 ಅಡಿ. 120 ಅಡಿ ಬೇಕಾದ 49ನೇ ಕಾರು ಇದರ ಹೊರಗೇ ಉಳಿಯುತ್ತದೆ.

ಮೂರನೆಯ ಷರತ್ತು ನಾರ್ಮಲ್ ಹಂಚಿಕೆ. ವಿದ್ಯಾರ್ಥಿಗಳು ಅತಿ ಹೆಚ್ಚು ತಲೆಕೆಡಿಸಿಕೊಳ್ಳುವುದು ಇದಕ್ಕೆ, ಮೂರರಲ್ಲಿ ಅತಿ ಕಡಿಮೆ ಹಾನಿ ಮಾಡುವುದೂ ಇದೇ. ದತ್ತಾಂಶ ತಕ್ಕಮಟ್ಟಿಗೆ ದೊಡ್ಡದಿದ್ದರೆ ರೇಖೆಯ ಇಳಿಜಾರಿನ ಬಗೆಗಿನ ತೀರ್ಮಾನಗಳು ಉಳಿಕೆಗಳು ನಾರ್ಮಲ್ ಅಲ್ಲದಿದ್ದರೂ ಹೆಚ್ಚು ಕೆಡುವುದಿಲ್ಲ. ಒಂದೊಂದು ಹೊಸ ಕಾರಿನ ಬಗ್ಗೆ ಮುನ್ಸೂಚನೆ ಕೊಡುವಾಗ ಮಾತ್ರ ಉಳಿಕೆಗಳ ಹಂಚಿಕೆ ಯಾವ ಆಕಾರದ್ದು ಎಂಬುದು ನೇರವಾಗಿ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ವಿಷಯ ಮರೆಯಬೇಡಿ: ಷರತ್ತು ಇರುವುದು ಉಳಿಕೆಗಳ ಮೇಲೆ. ದೂರಗಳ ಮೇಲಾಗಲಿ ವೇಗಗಳ ಮೇಲಾಗಲಿ ಅಲ್ಲ. ದೂರಗಳ ಹಿಸ್ಟೋಗ್ರಾಮ್ ಹಾಕಿ ‘ನಾರ್ಮಲ್ ಅಲ್ಲ’ ಎಂದು ಬರೆದ ಅಸೈನ್‌ಮೆಂಟ್ ತಪ್ಪಾದ ಪ್ರಶ್ನೆಗೆ ಉತ್ತರ ಕೊಟ್ಟಿದೆ.

ಇದನ್ನು ನೋಡಲು ಹಿಸ್ಟೋಗ್ರಾಮ್‌ಗಿಂತ ಕ್ಯೂ–ಕ್ಯೂ ಚಿತ್ರ ಒಳ್ಳೆಯದು. ಬೆಲ್ ಲ್ಯಾಬ್ಸ್‌ನ ಮಾರ್ಟಿನ್ ವಿಲ್ಕ್ ಮತ್ತು ರಾಮನಾಥನ್ ಜ್ಞಾನದೇಶಿಕನ್ 1968ರಲ್ಲಿ ಬರೆದ ಪ್ರಬಂಧದಿಂದ ಇದು ಬಳಕೆಗೆ ಹರಡಿತು. ಉಳಿಕೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ, ನಾರ್ಮಲ್ ಹಂಚಿಕೆಯಿಂದ 50 ಸಂಖ್ಯೆಗಳು ಬಂದಿದ್ದರೆ ಆಯಾ ಸ್ಥಾನದಲ್ಲಿ ಎಷ್ಟಿರಬೇಕಿತ್ತೋ ಅದರ ಎದುರು ಇಡುವುದು. ಎರಡೂ ಹೊಂದಿದರೆ ಚುಕ್ಕೆಗಳು ಓರೆ ಗೆರೆಯ ಮೇಲೆ ಕೂರುತ್ತವೆ. ನಮ್ಮ ಉಳಿಕೆಗಳನ್ನು 15.4 ಅಡಿಯ ಮಾನದಲ್ಲಿ ಅಳೆಯೋಣ. ನಾರ್ಮಲ್ ಆಗಿದ್ದರೆ 50ರಲ್ಲಿ ಅತಿ ದೊಡ್ಡದು ಸುಮಾರು 2.25, ಅದರ ಹಿಂದಿನದು ಸುಮಾರು 1.85 ಇರಬೇಕು. ನಮ್ಮಲ್ಲಿ ಎರಡೂ 2.8ರ ಆಸುಪಾಸಿನಲ್ಲಿವೆ. ಅತಿ ಚಿಕ್ಕದು −2.25ರ ಬಳಿ ಇರಬೇಕಿತ್ತು, −1.9ಕ್ಕೇ ನಿಂತಿದೆ. ಅಂದರೆ ಬಲತುದಿಯಲ್ಲಿ ಚುಕ್ಕೆಗಳು ಗೆರೆಗಿಂತ ಮೇಲೆ, ಎಡತುದಿಯಲ್ಲೂ ಗೆರೆಗಿಂತ ಮೇಲೆಯೇ. ಎರಡೂ ತುದಿ ಮೇಲಕ್ಕೆ ಎದ್ದರೆ ಹಂಚಿಕೆಗೆ ಬಲಗಡೆ ಉದ್ದ ಬಾಲವಿದೆ ಎಂದರ್ಥ. ಎಡತುದಿ ಕೆಳಗೆ, ಬಲತುದಿ ಮೇಲೆ ಹೋದರೆ ಎರಡೂ ಕಡೆ ಉದ್ದ ಬಾಲ. ಅವೆರಡನ್ನು ಗೊಂದಲ ಮಾಡಿಕೊಳ್ಳುವವರು ಬಹಳ ಮಂದಿ. ಶಪಿರೊ–ವಿಲ್ಕ್ ಪರೀಕ್ಷೆಯೂ ಇಲ್ಲಿ 0.0215 ಕೊಟ್ಟು ಚಿತ್ರವನ್ನು ಒಪ್ಪುತ್ತದೆ.

ಚಿತ್ರಗಳಲ್ಲಿ 23, 35, 49 ಎಂದು ಮೂರು ಚುಕ್ಕೆಗಳಿಗೆ ಸಂಖ್ಯೆ ಹಚ್ಚಿರುವುದನ್ನು ನೋಡಿ ‘ಮೂರು ಹೊರಬಿದ್ದ ಬಿಂದುಗಳಿವೆ’ ಎಂದು ಬರೆಯುವುದು ಇನ್ನೊಂದು ರೂಢಿ. ಯಾವ ದತ್ತಾಂಶ ಕೊಟ್ಟರೂ R ಮೂರು ಚುಕ್ಕೆಗಳಿಗೆ ಸಂಖ್ಯೆ ಹಚ್ಚುತ್ತದೆ. ಅದು ಅದರ ಪೂರ್ವನಿಯೋಜಿತ ಅಭ್ಯಾಸ, ತೀರ್ಪಲ್ಲ.

ಈಗ ಕ್ರಮದ ಮಾತು. ಮೂರು ದೋಷಗಳನ್ನೂ ಕಂಡೆವು ಎಂದು ಮೂರಕ್ಕೂ ಬೇರೆ ಬೇರೆ ಔಷಧಿ ಹುಡುಕಬಾರದು. ರೇಖೆಯ ಆಕಾರವೇ ತಪ್ಪಾಗಿದ್ದರೆ ಆ ತಪ್ಪು ಉಳಿಕೆಗಳೊಳಗೆ ಸೇರಿಕೊಂಡು, ಚದುರುವಿಕೆಯನ್ನೂ ಅಸಮವಾಗಿ ಕಾಣಿಸುತ್ತದೆ, ಹಂಚಿಕೆಯನ್ನೂ ಓರೆ ಮಾಡುತ್ತದೆ. ಚದುರುವಿಕೆ ಅಸಮವಾಗಿದ್ದರೆ, ಇಕ್ಕಟ್ಟಿನ ಉಳಿಕೆಗಳೂ ಅಗಲದ ಉಳಿಕೆಗಳೂ ಬೆರೆತು ಕ್ಯೂ–ಕ್ಯೂ ಚಿತ್ರದಲ್ಲಿ ಬಾಲ ಉದ್ದವಾಗುತ್ತದೆ. ಆದ್ದರಿಂದ ಮೊದಲು ಆಕಾರ, ಆಮೇಲೆ ಚದುರುವಿಕೆ, ಕೊನೆಗೆ ನಾರ್ಮಲ್. ಮೊದಲನೆಯದನ್ನು ಸರಿಪಡಿಸಿ ಎಲ್ಲ ಚಿತ್ರಗಳನ್ನೂ ಮತ್ತೆ ಹಾಕಬೇಕು.

ನಮ್ಮ ದತ್ತಾಂಶಕ್ಕೆ ಒಂದೇ ಬದಲಾವಣೆ ಎರಡು ಕೆಲಸ ಮಾಡುತ್ತದೆ. ದೂರ ಹೆಚ್ಚುಕಡಿಮೆ ವೇಗದ ವರ್ಗದಂತೆ ಬೆಳೆಯುವುದಾದರೆ ದೂರದ ವರ್ಗಮೂಲ ವೇಗದ ಜೊತೆ ನೇರವಾಗಿ ಬೆಳೆಯಬೇಕು. ವರ್ಗಮೂಲವು ದೊಡ್ಡ ಸಂಖ್ಯೆಗಳನ್ನು ಚಿಕ್ಕವಕ್ಕಿಂತ ಹೆಚ್ಚು ಒತ್ತುವುದರಿಂದ ಬಲಗಡೆಯ ಅಗಲವೂ ತಗ್ಗುತ್ತದೆ.

```r
m2 <- lm(sqrt(dist) ~ speed, data = cars)
plot(m2, which = 1:3)
```

ಈಗ ರೇಖೆ: √ದೂರ = 1.277 + 0.322 × ವೇಗ. R² 0.71ಕ್ಕೆ ಏರಿದೆ. ಆದರೆ ಇದನ್ನು ಹಳೆಯ 0.65ರ ಪಕ್ಕ ಇಟ್ಟು ‘ಮಾದರಿ ಸುಧಾರಿಸಿತು’ ಎನ್ನುವಂತಿಲ್ಲ. ಒಂದು ಅಡಿಯ ಲೆಕ್ಕ, ಇನ್ನೊಂದು ಅಡಿಯ ವರ್ಗಮೂಲದ ಲೆಕ್ಕ. ಸುಧಾರಣೆಯನ್ನು ಉಳಿಕೆಗಳಲ್ಲೇ ಹುಡುಕಬೇಕು. ಅದೇ ಮೂರು ವೇಗದ ಗುಂಪುಗಳಲ್ಲಿ ಸಾಮಾನ್ಯ ತಪ್ಪಿನ ಗಾತ್ರ ಈಗ 0.98, 1.11, 1.09. 8, 14, 18 ಎಂದು ಏರುತ್ತಿದ್ದ ಮೆಟ್ಟಿಲು ಮಟ್ಟಸವಾಯಿತು. ಮುನ್ಸೂಚನೆಯ ವ್ಯಾಪ್ತಿಯನ್ನು ವರ್ಗ ಮಾಡಿ ಅಡಿಗೆ ತಿರುಗಿಸಿದರೆ, 4 ಮೈಲಿಗೆ ಸುಮಾರು 0.05ರಿಂದ 24 ಅಡಿ, 24 ಮೈಲಿಗೆ ಸುಮಾರು 45ರಿಂದ 128 ಅಡಿ. ಋಣ ದೂರ ಹೋಯಿತು, 49ನೇ ಕಾರು ಒಳಗೆ ಬಂತು. ಹೀಗೆ ವರ್ಗ ಮಾಡಿ ಹಿಂದಕ್ಕೆ ತಂದ ನಡು ಅಂದಾಜು ಸರಾಸರಿ ದೂರವಲ್ಲ, ಮಧ್ಯಾಂಕ ದೂರ ಎಂಬುದನ್ನು ಮಾತ್ರ ವರದಿಯಲ್ಲಿ ಹೇಳಿಬಿಡಿ.

‘ಚುಕ್ಕೆಗಳಲ್ಲಿ ನನಗೆ ಕಂಡ ಆಕಾರ ನಿಜವೇ, ಭ್ರಮೆಯೇ?’ ಎಂಬ ಅನುಮಾನ ಮಾತ್ರ ಉಳಿಯುತ್ತದೆ. ಅರ್ಥವಿಲ್ಲದ ಚುಕ್ಕೆಗಳಲ್ಲೂ ಆಕಾರ ಕಾಣುವುದು ಮನುಷ್ಯನ ಕಣ್ಣಿನ ಚಾಳಿ. ಆಂಡ್ರಿಯಾಸ್ ಬುಯಾ, ಡಯಾನ್ ಕುಕ್ ಮತ್ತು ಸಂಗಡಿಗರು 2009ರಲ್ಲಿ ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. ಪೊಲೀಸರು ಶಂಕಿತನನ್ನು ಅಮಾಯಕರ ಸಾಲಿನಲ್ಲಿ ನಿಲ್ಲಿಸಿ ಸಾಕ್ಷಿಯನ್ನು ಕರೆಯುವ ಗುರುತು ಪರೇಡನ್ನೇ ಇಲ್ಲಿ ಬಳಸಿಕೊಂಡಿದ್ದಾರೆ. ಷರತ್ತುಗಳೆಲ್ಲ ಪೂರೈಸಿದ ಲೋಕದಲ್ಲಿ ಮಾದರಿ ಹುಟ್ಟಿಸುವ 19 ಸುಳ್ಳು ದತ್ತಾಂಶಗಳನ್ನು ಗಣಕದಿಂದ ತಯಾರಿಸಿ, ಅವುಗಳ ಉಳಿಕೆ ಚಿತ್ರಗಳ ನಡುವೆ ನಿಜವಾದದ್ದನ್ನು ಎಲ್ಲೋ ಒಂದು ಕಡೆ ಅಡಗಿಸಿಡುವುದು.

```r
m <- lm(dist ~ speed, data = cars)
par(mfrow = c(4, 5), mar = c(2, 2, 1, 1))
k <- sample(20, 1)
for (i in 1:20) {
  y <- if (i == k) cars$dist else simulate(m)[[1]]
  f <- lm(y ~ cars$speed)
  plot(fitted(f), resid(f))
}
```

ಈ ಚಿತ್ರಗಳನ್ನು ದತ್ತಾಂಶವನ್ನು ನೋಡಿರದ ಗೆಳತಿಗೆ ತೋರಿಸಿ, ‘ಇವುಗಳಲ್ಲಿ ಬೇರೆ ಥರ ಇರುವುದು ಯಾವುದು?’ ಎಂದಷ್ಟೇ ಕೇಳಿ. ಷರತ್ತುಗಳು ನಿಜವಾಗಿದ್ದರೆ ಅವಳು ಸರಿಯಾದದ್ದಕ್ಕೆ ಬೆರಳಿಡುವ ಸಾಧ್ಯತೆ 20ರಲ್ಲಿ 1, ಅಂದರೆ ಶೇ. 5. ಅಡಗಿಸಿದ ಸ್ಥಾನವನ್ನು `k` ಹೇಳುತ್ತದೆ. ನೀವೇ ನೋಡಿದರೆ ಪ್ರಯೋಜನವಿಲ್ಲ, ನಿಮಗೆ ಚಿತ್ರ ಆಗಲೇ ಪರಿಚಿತ. ಇದನ್ನು ಮಾಡಿಸಿದಾಗ ಹೆಚ್ಚಿನವರಿಗೆ ಮೊದಲು ಅಚ್ಚರಿ ಹುಟ್ಟಿಸುವುದು ಸುಳ್ಳು ಚಿತ್ರಗಳೇ: ದೋಷವೇ ಇಲ್ಲದ ದತ್ತಾಂಶದಲ್ಲೂ ಇಷ್ಟೊಂದು ಡೊಂಕು, ಇಷ್ಟೊಂದು ಅಗಲ ಕಾಣುತ್ತದೆಯೇ ಎಂದು.

ಸ್ವಾತಂತ್ರ್ಯ ಎಂಬ ನಾಲ್ಕನೆಯ ಷರತ್ತು, ಅಂದರೆ ಒಂದು ಕಾರಿನ ಉಳಿಕೆಗೂ ಇನ್ನೊಂದರದಕ್ಕೂ ನಂಟಿರಬಾರದು ಎಂಬುದು, ಈ ಮೂರು ಚಿತ್ರಗಳಲ್ಲಿ ಕಾಣುವುದಿಲ್ಲ. ಉಳಿಕೆಗಳನ್ನು ಸಾಲಿನ ಕ್ರಮದಲ್ಲಿ ಚಿತ್ರಿಸಿ ಅದನ್ನು ನೋಡುತ್ತೇನೆ ಎನ್ನುವವರು ಗಮನಿಸಲಿ: `cars` ಪಟ್ಟಿಯನ್ನು ವೇಗದ ಏರಿಕೆಗೆ ತಕ್ಕಂತೆ ಜೋಡಿಸಿದ್ದಾರೆ. ಸಾಲಿನ ಕ್ರಮದಲ್ಲಿ ಕಾಣುವ ಅಲೆ ಹಳೆಯ ಬಾಗೇ ಹೊರತು ಹೊಸ ದೋಷವಲ್ಲ.

ಕೊನೆಗೆ 23ನೇ ಕಾರು. 14 ಮೈಲಿ ವೇಗದಲ್ಲಿದ್ದು 80 ಅಡಿ ಸಾಗಿ ನಿಂತ ಕಾರದು. ಅದೇ ವೇಗದ ಇನ್ನೊಂದು ಕಾರು 26 ಅಡಿಗೆ ನಿಂತಿದೆ. ವರ್ಗಮೂಲದ ಮಾದರಿಯಲ್ಲಿ 49ರ ಉಳಿಕೆ 1.94ಕ್ಕೆ ಇಳಿದು ಉಳಿದವುಗಳ ಜೊತೆ ಬೆರೆಯಿತು, 23ರದು 3.15ರಲ್ಲೇ ನಿಂತಿತು. ಚದುರುವಿಕೆಯ ಮಾನ 1.10 ಆಗಿರುವುದರಿಂದ ಅದು ಸುಮಾರು 2.9 ಪಟ್ಟು ದೂರ. ಅಂದರೆ 49 ದೊಡ್ಡದಾಗಿ ಕಂಡದ್ದು ಮಾದರಿಯ ತಪ್ಪಿನಿಂದ, 23 ದೊಡ್ಡದಾಗಿರುವುದು ತನ್ನದೇ ಕಾರಣಕ್ಕೆ. ಬ್ರೇಕ್ ಸವೆದಿತ್ತೋ, ರಸ್ತೆ ಒದ್ದೆಯಾಗಿತ್ತೋ, ಬರೆದುಕೊಂಡವರ ಕೈ ತಪ್ಪಿತೋ, ಪಟ್ಟಿಯಲ್ಲಿ ಅದಕ್ಕೆ ಯಾವ ಸುಳಿವೂ ಇಲ್ಲ. ಅಳಿಸಿ ನೋಡಿದರೆ ರೇಖೆಯ ಇಳಿಜಾರು 0.322ರಿಂದ 0.326ಕ್ಕೆ ಹೋಗುತ್ತದೆ, ಶೇ. 1ರಷ್ಟು ಬದಲಾವಣೆ. ಚದುರುವಿಕೆ ಮಾತ್ರ 1.10ರಿಂದ 1.01ಕ್ಕೆ ಇಳಿದು ಮುನ್ಸೂಚನೆಯ ವ್ಯಾಪ್ತಿ ಕಿರಿದಾಗುತ್ತದೆ. ಆದ್ದರಿಂದ ಅದನ್ನು ಅಳಿಸುವವರು ರೇಖೆಯನ್ನು ತಿದ್ದುತ್ತಿಲ್ಲ, ಕಾರುಗಳು ನಿಜಕ್ಕಿಂತ ಹೆಚ್ಚು ನಂಬಿಕಸ್ಥವಾಗಿ ನಿಲ್ಲುತ್ತವೆ ಎಂದು ತೋರಿಸುತ್ತಿದ್ದಾರೆ ಅಷ್ಟೆ. ಅಳಿಸಬೇಡಿ. ಅದನ್ನು ಪಟ್ಟಿಯಲ್ಲೇ ಉಳಿಸಿ, ಅದಿದ್ದಾಗ ಇಷ್ಟು, ಅದಿಲ್ಲದಾಗ ಇಷ್ಟು ಎಂದು ಎರಡು ಅಂಕಿಗಳನ್ನೂ ಅಸೈನ್‌ಮೆಂಟಿನಲ್ಲಿ ಅಕ್ಕಪಕ್ಕ ಬರೆಯಿರಿ.